ದರ ವರ್ಷವರ್ಷವೂ ಬದಲಾದರೆ ಒಂದು ಇಡುಗಂಟು ಎಷ್ಟಾಗುತ್ತದೆ?

ಕೆಲಸ ಬದಲಾಯಿಸುವಾಗ ಹಳೆ ಕಂಪನಿಯ ಪಿಎಫ್ ದುಡ್ಡನ್ನು ತೆಗೆಯದೆ, ಹೊಸ ಖಾತೆಗೂ ವರ್ಗಾಯಿಸದೆ ಹಾಗೇ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆ ಖಾತೆಗೆ ಹೊಸದಾಗಿ ಒಂದು ರೂಪಾಯಿಯೂ ಸೇರುವುದಿಲ್ಲ, ಅದರಿಂದ ಏನೂ ಹೋಗುವುದೂ ಇಲ್ಲ. ಬಡ್ಡಿ ಮಾತ್ರ ಬರುತ್ತಿರುತ್ತದೆ. ಲೆಕ್ಕದ ದೃಷ್ಟಿಯಲ್ಲಿ ಇದಕ್ಕಿಂತ ಸ್ವಚ್ಛವಾದ ಇಡುಗಂಟು ಸಿಗುವುದು ಕಷ್ಟ. ತೊಡಕು ಇರುವುದು ಒಂದೇ ಕಡೆ. ಪಿಎಫ್ ಬಡ್ಡಿ ದರವನ್ನು ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಪ್ರತಿ ಹಣಕಾಸು ವರ್ಷಕ್ಕೂ ಬೇರೆಯಾಗಿ ಶಿಫಾರಸು ಮಾಡುತ್ತದೆ, ಹಣಕಾಸು ಸಚಿವಾಲಯ ಅದಕ್ಕೆ ಒಪ್ಪಿಗೆ ಕೊಡುತ್ತದೆ. ಹಾಗಾಗಿ ಶಾಲೆಯಲ್ಲಿ ಕಲಿತ ಚಕ್ರಬಡ್ಡಿಯ ಸೂತ್ರ, ಅಂದರೆ ಒಂದೇ ದರವನ್ನು ಹಿಡಿದು ಅಷ್ಟು ವರ್ಷಗಳ ಘಾತಕ್ಕೆ ಏರಿಸುವುದು, ಇಲ್ಲಿ ನೇರವಾಗಿ ಕೂರುವುದಿಲ್ಲ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. 2015ರ ಏಪ್ರಿಲ್ 1ರಂದು ಒಬ್ಬರ ಪಿಎಫ್ ಖಾತೆಯಲ್ಲಿ 1,00,000 ರೂಪಾಯಿ ಇತ್ತು. ಅವರು ಅದನ್ನು ಮುಟ್ಟಲೇ ಇಲ್ಲ. 2025ರ ಮಾರ್ಚ್ 31ಕ್ಕೆ ಅದು ಎಷ್ಟಾಗಿರಬೇಕು? ಆ ಹತ್ತು ವರ್ಷಗಳ ದರಗಳು ಕ್ರಮವಾಗಿ ಹೀಗಿವೆ: ಶೇ. 8.8, 8.65, 8.55, 8.65, 8.5, 8.5, 8.1, 8.15, 8.25 ಮತ್ತು 8.25.

ಮೊದಲು ಕೈ ಹೋಗುವುದು ಕೂಡುವುದರ ಕಡೆಗೆ. ಹತ್ತೂ ದರಗಳನ್ನು ಕೂಡಿದರೆ 84.4 ಬರುತ್ತದೆ. ಅಂದರೆ ಒಂದು ಲಕ್ಷಕ್ಕೆ 84,400 ರೂಪಾಯಿ ಬಡ್ಡಿ, ಒಟ್ಟು 1,84,400 ಅಲ್ವಾ? ಅಲ್ಲ. ಯಾಕೆ ಅಲ್ಲ ಅನ್ನುವುದನ್ನು ಮೊದಲ ಎರಡು ವರ್ಷಗಳಲ್ಲೇ ನೋಡಬಹುದು.

2015-16ರಲ್ಲಿ ದರ ಶೇ. 8.8. ಒಂದು ಲಕ್ಷಕ್ಕೆ 8,800 ರೂಪಾಯಿ ಬಡ್ಡಿ ಬಂತು. ಮಾರ್ಚ್ 31ಕ್ಕೆ ಅದು ಅಸಲಿಗೆ ಸೇರಿತು. ಖಾತೆಯಲ್ಲಿ ಈಗ 1,08,800. ಮುಂದಿನ ವರ್ಷದ ಶೇ. 8.65 ಬಡ್ಡಿ ಈ 1,08,800ರ ಮೇಲೆ ಬರುತ್ತದೆಯೇ ಹೊರತು ಹಳೆಯ ಒಂದು ಲಕ್ಷದ ಮೇಲಲ್ಲ. ಹಾಗಾಗಿ ಎರಡನೇ ವರ್ಷದ ಬಡ್ಡಿ 9,411 ರೂಪಾಯಿ 20 ಪೈಸೆ, ಒಟ್ಟು 1,18,211.20. ಸುಮ್ನೆ ಕೂಡಿದ್ದರೆ 1,17,450 ಬರುತ್ತಿತ್ತು. ವ್ಯತ್ಯಾಸ 761 ರೂಪಾಯಿ 20 ಪೈಸೆ. ಅದು ಸರಿಯಾಗಿ 8,800ರ ಶೇ. 8.65. ಮೊದಲ ವರ್ಷದ ಬಡ್ಡಿ ಎರಡನೇ ವರ್ಷದಲ್ಲಿ ತಾನೇ ದುಡಿದು ತಂದ ಹಣ ಅದು.

ಈಗ ಇದೇ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಬರೆಯೋಣ. ಶೇ. 8.8 ಬಡ್ಡಿ ಸೇರಿದ ಮೇಲೆ ಪ್ರತಿ ಒಂದು ರೂಪಾಯಿಯೂ 1.088 ರೂಪಾಯಿ ಆಗುತ್ತದೆ. ಆ 1.088 ಅನ್ನುವುದೇ ಆ ವರ್ಷದ ಬೆಳವಣಿಗೆಯ ಗುಣಕ. ದರವನ್ನು 100ರಿಂದ ಭಾಗಿಸಿ 1 ಸೇರಿಸಿದರೆ ಅದು ಸಿಗುತ್ತದೆ. ಆ 1 ಅಸಲಿನ ಪಾಲು, 0.088 ಬಡ್ಡಿಯ ಪಾಲು. ಎರಡನೇ ವರ್ಷದ ಗುಣಕ 1.0865. ಎರಡನ್ನೂ ಗುಣಿಸಿದರೆ 1.182112. ಒಂದು ಲಕ್ಷವನ್ನು ಇದರಿಂದ ಗುಣಿಸಿದರೆ ಮೇಲಿನ 1,18,211.20 ತಾನಾಗಿ ಬರುತ್ತದೆ. ಬಡ್ಡಿಯನ್ನು ಬೇರೆ ಲೆಕ್ಕ ಮಾಡಿ ಅಸಲಿಗೆ ಕೂಡುವ ಕೆಲಸವನ್ನು ಆ ಒಂದು ಗುಣಾಕಾರವೇ ಮಾಡಿ ಮುಗಿಸುತ್ತದೆ.

ವರ್ಷ ಎಷ್ಟೇ ಇರಲಿ, ಕ್ರಮ ಇದೇ. ಪ್ರತಿ ವರ್ಷಕ್ಕೂ ಒಂದು ಗುಣಕ ಬರೆಯಬೇಕು, ಎಲ್ಲವನ್ನೂ ಒಂದರ ಮೇಲೊಂದು ಗುಣಿಸುತ್ತಾ ಹೋಗಬೇಕು. ಕೊನೆಗೆ ಬರುವ ಒಟ್ಟು ಗುಣಕದಿಂದ ಇಡುಗಂಟನ್ನು ಗುಣಿಸಬೇಕು.

```
1,00,000 × 1.088 × 1.0865 × 1.0855 × 1.0865 × 1.085
         × 1.085 × 1.081 × 1.0815 × 1.0825 × 1.0825
```

ವರ್ಷದಿಂದ ವರ್ಷಕ್ಕೆ ಇದು ಹೇಗೆ ಏರುತ್ತದೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಬಡ್ಡಿಯನ್ನು ಹತ್ತಿರದ ರೂಪಾಯಿಗೆ ಸರಿಹೊಂದಿಸಿದ್ದೇನೆ, ಹಾಗಾಗಿ ಕೂಡಿ ನೋಡಿದರೆ ಒಂದು ರೂಪಾಯಿ ಆಚೀಚೆ ಆಗಬಹುದು.

| ವರ್ಷ | ದರ (ಶೇ.) | ಆ ವರ್ಷದ ಬಡ್ಡಿ (ರೂ.) | ಅಲ್ಲಿಯವರೆಗಿನ ಒಟ್ಟು ಗುಣಕ |
|---|---|---|---|
| 2015-16 | 8.80 | 8,800 | 1.08800 |
| 2016-17 | 8.65 | 9,411 | 1.18211 |
| 2017-18 | 8.55 | 10,107 | 1.28318 |
| 2018-19 | 8.65 | 11,100 | 1.39418 |
| 2019-20 | 8.50 | 11,851 | 1.51268 |
| 2020-21 | 8.50 | 12,858 | 1.64126 |
| 2021-22 | 8.10 | 13,294 | 1.77420 |
| 2022-23 | 8.15 | 14,460 | 1.91880 |
| 2023-24 | 8.25 | 15,830 | 2.07710 |
| 2024-25 | 8.25 | 17,136 | 2.24846 |

ಒಂದು ಲಕ್ಷ ರೂಪಾಯಿ ಹತ್ತು ವರ್ಷದಲ್ಲಿ 2,24,846 ರೂಪಾಯಿ ಆಯಿತು. ಸುಮ್ನೆ ಕೂಡಿ ಬಂದ 1,84,400ಕ್ಕಿಂತ 40 ಸಾವಿರಕ್ಕೂ ಜಾಸ್ತಿ. ಮೂರನೇ ಕಾಲಂ ಕಡೆ ಒಮ್ಮೆ ಕಣ್ಣು ಹಾಯಿಸಿ. ದರ ಶೇ. 8.8ರಿಂದ 8.25ಕ್ಕೆ ಇಳಿದಿದೆ, ಆದರೂ ವರ್ಷದ ಬಡ್ಡಿ 8,800ರಿಂದ 17,136ಕ್ಕೆ ಏರಿದೆ. ಪಾಸ್‌ಬುಕ್ಕಿನಲ್ಲಿ ಬಡ್ಡಿಯ ಮೊತ್ತ ಏರಿದ್ದನ್ನು ನೋಡಿ ದರವೂ ಏರಿದೆ ಅಂದುಕೊಳ್ಳುವವರಿದ್ದಾರೆ. ದರ ತಿಳಿಯಬೇಕಾದರೆ ಮೊತ್ತ ನೋಡಿದರೆ ಸಾಲದು. ಮಾರ್ಚ್ 31ರ ಬಾಕಿಯನ್ನು ಹಿಂದಿನ ವರ್ಷದ ಮಾರ್ಚ್ 31ರ ಬಾಕಿಯಿಂದ ಭಾಗಿಸಬೇಕು. 2024-25ಕ್ಕೆ ಹಾಗೆ ಭಾಗಿಸಿದರೆ 1.0825 ಬರಬೇಕು. ಬರದಿದ್ದರೆ ಮಧ್ಯೆ ಎಲ್ಲೋ ಹಣ ಬಂದಿದೆ, ಹೋಗಿದೆ, ಅಥವಾ ಆ ವರ್ಷದ ಬಡ್ಡಿ ಇನ್ನೂ ಪಾಸ್‌ಬುಕ್ಕಿಗೆ ಏರಿಲ್ಲ ಎಂದರ್ಥ.

ಬಡ್ಡಿ ಏರಿಸುವುದು ತಡವಾಗುವುದು ಪಿಎಫ್‌ನಲ್ಲಿ ಹೊಸದೇನಲ್ಲ. ವರ್ಷ ಮುಗಿದು ಎಷ್ಟೋ ತಿಂಗಳ ಮೇಲೆ ಪಾಸ್‌ಬುಕ್ಕಿನಲ್ಲಿ ಕಾಣಿಸಬಹುದು. ಆದರೆ ಅದು ಲೆಕ್ಕಕ್ಕೆ ಬರುವುದು ಮಾರ್ಚ್ 31ರಿಂದಲೇ, ಹಾಗಾಗಿ ಗುಣಕ ಬದಲಾಗುವುದಿಲ್ಲ. ಪಾಸ್‌ಬುಕ್ ಇಟ್ಟುಕೊಂಡು ಲೆಕ್ಕ ಮಾಡುವಾಗ ಇನ್ನೊಂದು ವಿಷಯ ನೆನಪಿರಲಿ. ಅದರಲ್ಲಿ ನೌಕರರ ಪಾಲು, ಕಂಪನಿಯ ಪಾಲು, ಪಿಂಚಣಿ ಅಂತ ಮೂರು ಕಾಲಂ ಇರುತ್ತವೆ. ಬಡ್ಡಿ ಬರುವುದು ಮೊದಲ ಎರಡಕ್ಕೆ ಮಾತ್ರ. ಪಿಂಚಣಿ ಕಾಲಂನ ಮೊತ್ತವನ್ನೂ ಅಸಲಿಗೆ ಸೇರಿಸಿ ಗುಣಿಸಿದರೆ ಉತ್ತರ ಎಂದೂ ತಾಳೆಯಾಗುವುದಿಲ್ಲ.

ದರಗಳ ಕ್ರಮ ಬದಲಾದರೆ?

ಗುಣಾಕಾರ ಅಂದ ಕೂಡಲೇ ಒಂದು ಗುಣ ಪುಕ್ಕಟೆಯಾಗಿ ಸಿಗುತ್ತದೆ. 2×3 ಮತ್ತು 3×2 ಎರಡೂ ಒಂದೇ. ಹಾಗಾಗಿ ಈ ಹತ್ತು ದರಗಳನ್ನು ತಲೆಕೆಳಗು ಮಾಡಿ, ಶೇ. 8.25ರಿಂದ ಶುರುವಾಗಿ ಶೇ. 8.8ಕ್ಕೆ ಮುಗಿಯುವಂತೆ ಇಟ್ಟರೂ ಒಂದು ಲಕ್ಷ ಕೊನೆಗೆ ಆಗುವುದು ಅದೇ 2,24,846. ಮಧ್ಯದ ಬಾಕಿಗಳು ಬೇರೆ ಇರುತ್ತವೆ, ಕೊನೆಯದು ಒಂದೇ.

ಇದನ್ನು ಒಪ್ಪಲು ಬಹಳ ಜನರಿಗೆ ಮನಸ್ಸು ಬರುವುದಿಲ್ಲ. "ಹಣ ಚೆನ್ನಾಗಿ ಬೆಳೆದ ಮೇಲೆ ದರ ಇಳಿದರೆ ನಷ್ಟ ಜಾಸ್ತಿ, ಶುರುವಿನಲ್ಲೇ ಇಳಿದರೆ ಕಮ್ಮಿ" ಅಂತ ವಾದಿಸುತ್ತಾರೆ. ವಾದ ಸರಿಯಾಗಿಯೇ ಕೇಳಿಸುತ್ತದೆ, ಹಾಗಾಗಿ ಅಂಕಿಯಲ್ಲೇ ನೋಡೋಣ. 2021-22ರ ಶೇ. 8.1 ಆಗ ದೊಡ್ಡ ಸುದ್ದಿಯಾಗಿತ್ತು, ಯಾಕೆಂದರೆ 1977-78ರ ನಂತರ ಅಷ್ಟು ಕಡಿಮೆ ದರ ಬಂದಿರಲಿಲ್ಲ. ಹಿಂದಿನ ವರ್ಷದ ಶೇ. 8.5ನ್ನೇ ಉಳಿಸಿದ್ದರೆ ನಮ್ಮ ಖಾತೆಗೆ ಎಷ್ಟು ಸಿಗುತ್ತಿತ್ತು?

ಹತ್ತೂ ವರ್ಷಗಳ ಲೆಕ್ಕವನ್ನು ಮತ್ತೆ ಮಾಡಬೇಕಿಲ್ಲ. ಕೊನೆಯ ಮೊತ್ತವನ್ನು ಹಳೆಯ ಗುಣಕ 1.081ರಿಂದ ಭಾಗಿಸಿ, ಹೊಸ ಗುಣಕ 1.085ರಿಂದ ಗುಣಿಸಿದರೆ ಆಯಿತು. 2,25,678 ಬರುತ್ತದೆ. ವ್ಯತ್ಯಾಸ 832 ರೂಪಾಯಿ. ಇದನ್ನೇ ಉದ್ದನೆಯ ದಾರಿಯಲ್ಲಿ ಹೋಗಿ ಪರೀಕ್ಷಿಸಬಹುದು. ಆ ವರ್ಷದ ಶುರುವಿನಲ್ಲಿ ಖಾತೆಯಲ್ಲಿದ್ದದ್ದು 1,64,126 ರೂಪಾಯಿ. ಅದರ ಶೇ. 0.4 ಅಂದರೆ 656 ರೂಪಾಯಿ 50 ಪೈಸೆ ಆ ವರ್ಷವೇ ಕೈತಪ್ಪಿತು. ಆ 656.50 ಬಂದಿದ್ದರೆ ಮುಂದಿನ ಮೂರು ವರ್ಷ ಅದೂ 1.0815, 1.0825, 1.0825ರಿಂದ ಬೆಳೆದು 832 ಆಗುತ್ತಿತ್ತು. ಎರಡು ದಾರಿಯಲ್ಲೂ ಒಂದೇ ಉತ್ತರ.

ಈಗ ಶೇ. 8.5ರ ಬದಲು 8.1 ಆದ ಆ ವರ್ಷವೇ ಸಾಲಿನ ಮೊದಲಿಗೆ ಬಂದು, ಶೇ. 8.8ರ ವರ್ಷ ಅದರ ಜಾಗಕ್ಕೆ ಹೋಗಿತ್ತು ಅಂದುಕೊಳ್ಳಿ. ಆಗ ಒಂದು ಲಕ್ಷದ ಶೇ. 0.4, ಅಂದರೆ ಬರೀ 400 ರೂಪಾಯಿ ಕೈತಪ್ಪುತ್ತಿತ್ತು. ಆದರೆ ಆ 400ಕ್ಕೆ ಮುಂದೆ ಒಂಬತ್ತು ವರ್ಷ ಬೆಳೆಯುವ ಅವಕಾಶವಿತ್ತು. ಬೆಳೆದು ಅದೂ ಅದೇ 832ಕ್ಕೆ ಬಂದು ನಿಲ್ಲುತ್ತದೆ. ಕೊನೆಯಲ್ಲಿ ಇಳಿದರೆ ದೊಡ್ಡ ಮೊತ್ತ ತಪ್ಪುತ್ತದೆ, ಬೆಳೆಯಲು ಸಮಯ ಕಮ್ಮಿ. ಮೊದಲೇ ಇಳಿದರೆ ಸಣ್ಣ ಮೊತ್ತ ತಪ್ಪುತ್ತದೆ, ಬೆಳೆಯಲು ಸಮಯ ಜಾಸ್ತಿ. ಎರಡೂ ಸರಿಯಾಗಿ ಸರಿದೂಗುತ್ತವೆ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾಗುವ ಜಾಗ ಇದೇ.

ಸರಾಸರಿ ದರ ಹಿಡಿದರೆ ನಡೆಯುತ್ತದೆಯೇ?

ಹತ್ತು ದರಗಳ ಮೊತ್ತ 84.4, ಸರಾಸರಿ ಶೇ. 8.44. 1.0844ನ್ನು ಹತ್ತು ಸಲ ಗುಣಿಸಿದರೆ 2.24851 ಬರುತ್ತದೆ. ನಿಜವಾದ ಒಟ್ಟು ಗುಣಕ 2.24846. ಒಂದು ಲಕ್ಷದ ಮೇಲೆ ಹತ್ತು ವರ್ಷಕ್ಕೆ ಐದು ರೂಪಾಯಿ ಮಾತ್ರ ವ್ಯತ್ಯಾಸ! ಇಷ್ಟು ಹತ್ತಿರ ಬರುತ್ತದೆ ಅಂದಮೇಲೆ ಗುಣಿಸುವ ಗೋಜು ಯಾಕೆ ಅನ್ನಿಸಬಹುದು. ಆದರೆ ಹತ್ತಿರ ಬಂದದ್ದು ಪಿಎಫ್ ದರಗಳು ಹೆಚ್ಚು ಏರಿಳಿಯದೆ ಇದ್ದದ್ದರಿಂದ. ದರಗಳು ಚೆದುರಿದಷ್ಟೂ ಸರಾಸರಿ ದಾರಿ ತಪ್ಪಿಸುತ್ತದೆ.

ಎಷ್ಟು ತಪ್ಪಿಸುತ್ತದೆ ಅನ್ನುವುದನ್ನು ಎರಡು ವರ್ಷ ಹಿಡಿದು ಹೇಳಬಹುದು. ಸರಾಸರಿಗಿಂತ ಒಂದು ವರ್ಷ ದರ `d` ಅಷ್ಟು ಮೇಲೆ, ಇನ್ನೊಂದು ವರ್ಷ ಅಷ್ಟೇ ಕೆಳಗೆ ಇದ್ದರೆ, ಎರಡು ಗುಣಕಗಳ ಗುಣಲಬ್ಧ ಹೀಗಾಗುತ್ತದೆ:

```
(1 + a + d) × (1 + a − d) = (1 + a)² − d²
```

ಇಲ್ಲಿ `a` ಸರಾಸರಿ ದರ. ಸರಾಸರಿ ಹಿಡಿದು ಲೆಕ್ಕ ಮಾಡಿದವರಿಗೆ ಸಿಗುವುದು `(1 + a)²` ಮಾತ್ರ. ನಿಜವಾದ ಉತ್ತರ ಅದಕ್ಕಿಂತ ಯಾವಾಗಲೂ `d²` ಅಷ್ಟು ಕಡಿಮೆ. ಪಿಎಫ್‌ನಲ್ಲಿ `d` ಅಂದರೆ ಶೇ. 0.3ರ ಆಸುಪಾಸು. ಅದರ ವರ್ಗ 0.000009. ಒಂದು ಲಕ್ಷಕ್ಕೆ ಒಂದು ರೂಪಾಯಿಯೂ ಇಲ್ಲ.

ಷೇರುಪೇಟೆಯಲ್ಲಿ ಕತೆ ಬೇರೆ. ಸೆನ್ಸೆಕ್ಸ್ 2007ರ ಕೊನೆಗೆ 20,287 ಇತ್ತು. 2008ರ ಕೊನೆಗೆ 9,647ಕ್ಕೆ ಕುಸಿಯಿತು. 2009ರ ಕೊನೆಗೆ 17,465ಕ್ಕೆ ಏರಿತು. ಶೇಕಡಾದಲ್ಲಿ ಹೇಳಿದರೆ ಒಂದು ವರ್ಷ 52.45 ಇಳಿಕೆ, ಮರುವರ್ಷ 81.03 ಏರಿಕೆ. ಎರಡರ ಸರಾಸರಿ ತೆಗೆದರೆ ವರ್ಷಕ್ಕೆ ಶೇ. 14.29 ಲಾಭ ಅಂತ ಕಾಣುತ್ತದೆ! ಗುಣಕಗಳನ್ನು ನೋಡಿ: 0.4755 ಮತ್ತು 1.8103. ಗುಣಿಸಿದರೆ ಸುಮಾರು 0.861. ಅಂದರೆ ಒಂದು ಲಕ್ಷ ಎರಡು ವರ್ಷದಲ್ಲಿ ಸುಮಾರು 86 ಸಾವಿರ ಆಯಿತು. ಲಾಭವೂ ಇಲ್ಲ, ಅಸಲೂ ಉಳಿಯಲಿಲ್ಲ. ಇಲ್ಲಿ `d` 0.6674, ಅದರ ವರ್ಗ 0.445. ಸರಾಸರಿ ತೋರಿಸಿದ 1.306ರಿಂದ ಅಷ್ಟನ್ನು ಕಳೆದರೆ ಅದೇ 0.861. ಯಾರಾದರೂ "ವರ್ಷಕ್ಕೆ ಸರಾಸರಿ ಇಷ್ಟು ಲಾಭ" ಅಂತ ಹೇಳಿದರೆ, ಅದು ಕೂಡಿ ಭಾಗಿಸಿದ ಸರಾಸರಿಯೋ, ಗುಣಿಸಿ ತೆಗೆದದ್ದೋ ಅಂತ ಕೇಳಲೇಬೇಕು.

ಗುಣಿಸಿ ತೆಗೆಯುವುದು ಅಂದರೆ ಒಟ್ಟು ಗುಣಕ ಹಿಡಿದು ಹಿಂದಕ್ಕೆ ಹೋಗುವುದು. 2.24846ರ ಹತ್ತನೇ ಮೂಲ ತೆಗೆದರೆ 1.084398 ಸಿಗುತ್ತದೆ. ಅಂದರೆ ಹತ್ತೂ ವರ್ಷ ಒಂದೇ ದರ ಇದ್ದು ಇದೇ ಮೊತ್ತ ಬರಬೇಕಿದ್ದರೆ ಆ ದರ ಶೇ. 8.4398. ಮ್ಯೂಚುವಲ್ ಫಂಡ್ ಜಾಹೀರಾತುಗಳಲ್ಲಿ ಸಿಎಜಿಆರ್ ಅಂತ ಬರೆಯುವುದು ಇದನ್ನೇ.

ಒಟ್ಟು ಗುಣಕದ ಕಾಲಂ ಒಂದಿದ್ದರೆ

ಮೇಲಿನ ಕೋಷ್ಟಕದ ಕೊನೆಯ ಕಾಲಂ ಒಂದು ಸಲ ಮಾಡಿಟ್ಟುಕೊಂಡರೆ ಬೇರೆ ಬೇರೆ ಪ್ರಶ್ನೆಗಳಿಗೂ ಅದೇ ಸಾಕು. ನಿಮ್ಮ ಹಣ 2015ರಲ್ಲಿ ಅಲ್ಲ, 2019ರ ಏಪ್ರಿಲ್ 1ರಂದು ಅಲ್ಲಿ ಬಂದು ಕೂತಿದೆ ಅನ್ನೋಣ. 2025ರ ಮಾರ್ಚ್‌ವರೆಗಿನ ಆರು ಗುಣಕಗಳು ಬೇಕು. ಮತ್ತೆ ಗುಣಿಸಬೇಕಿಲ್ಲ. 2024-25ರ ಒಟ್ಟು ಗುಣಕವನ್ನು 2018-19ರ ಒಟ್ಟು ಗುಣಕದಿಂದ ಭಾಗಿಸಿ. 2.24846 ÷ 1.39418 = 1.61275. ಮೊದಲ ನಾಲ್ಕು ವರ್ಷಗಳ ಗುಣಕಗಳು ಮೇಲೂ ಕೆಳಗೂ ಇರುವುದರಿಂದ ಹೊಡೆದುಹೋಗುತ್ತವೆ. ಭಾಗಿಸಬೇಕಾದದ್ದು ಹಣ ಇಟ್ಟ ವರ್ಷದ ಸಾಲಿನಿಂದ ಅಲ್ಲ, ಅದರ ಹಿಂದಿನ ವರ್ಷದ ಸಾಲಿನಿಂದ. ಬಹಳ ಸಲ ತಪ್ಪಾಗುವುದು ಇಲ್ಲೇ. 2019-20ರ ಸಾಲಿನಿಂದ ಭಾಗಿಸಿದರೆ ಒಂದು ವರ್ಷದ ಬಡ್ಡಿ ಪೂರ್ತಿ ಮಾಯವಾಗುತ್ತದೆ.

ಹಿಂದಕ್ಕೂ ಹೋಗಬಹುದು. 2025ರ ಮಾರ್ಚ್‌ಗೆ 5 ಲಕ್ಷ ಆಗಿರಬೇಕಿದ್ದರೆ 2015ರ ಏಪ್ರಿಲ್‌ನಲ್ಲಿ ಎಷ್ಟು ಇರಬೇಕಿತ್ತು? 5,00,000ವನ್ನು 2.24846ರಿಂದ ಭಾಗಿಸಿದರೆ ಸುಮಾರು 2,22,374 ರೂಪಾಯಿ.

ಈ ಕಾಲಂ ಮಾಡುವಾಗ ದಶಾಂಶಗಳನ್ನು ಕತ್ತರಿಸುವ ಆತುರ ಬೇಡ. ಹತ್ತು ಗುಣಕಗಳನ್ನೂ ಎರಡೇ ದಶಾಂಶಕ್ಕೆ ತಂದು 1.09, 1.08 ಅಂತ ಬರೆದುಕೊಂಡು ಗುಣಿಸಿದರೆ 2.28168 ಬರುತ್ತದೆ. ಒಂದು ಲಕ್ಷಕ್ಕೆ 3,321 ರೂಪಾಯಿ ಇಲ್ಲದ ಹಣ ಹುಟ್ಟಿಕೊಳ್ಳುತ್ತದೆ. ಗುಣಿಸಿ ಮುಗಿಸಿದ ಮೇಲೆ ಕೊನೆಯಲ್ಲಿ ಮಾತ್ರ ಕತ್ತರಿಸಿ.

ವರ್ಷದ ಮಧ್ಯೆ ದರ ಬದಲಾದಾಗ

ಗುಣಿಸಬೇಕು ಅಂತ ಕಲಿತವರು ಗುಣಿಸಬಾರದ ಕಡೆಯೂ ಗುಣಿಸುವುದುಂಟು. ಪಿಪಿಎಫ್ ಇದಕ್ಕೆ ಒಳ್ಳೆಯ ಉದಾಹರಣೆ. 2016ರ ಏಪ್ರಿಲ್‌ನಿಂದ ಸರ್ಕಾರ ಪಿಪಿಎಫ್ ದರವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2017-18ರಲ್ಲಿ ಮೊದಲ ಮೂರು ತಿಂಗಳು ಶೇ. 7.9, ಮುಂದಿನ ಆರು ತಿಂಗಳು 7.8, ಕೊನೆಯ ಮೂರು ತಿಂಗಳು 7.6 ಇತ್ತು. ಆ ವರ್ಷದ ಗುಣಕ ಎಷ್ಟು?

ಇದಕ್ಕೆ ಉತ್ತರ ಕೊಡುವುದು ದರ ಯಾವಾಗ ಬದಲಾಯಿತು ಅನ್ನುವುದಲ್ಲ, ಬಡ್ಡಿ ಯಾವಾಗ ಅಸಲಿಗೆ ಸೇರಿತು ಅನ್ನುವುದು. ಪಿಪಿಎಫ್‌ನಲ್ಲಿ ಬಡ್ಡಿಯನ್ನು ತಿಂಗಳು ತಿಂಗಳು ಲೆಕ್ಕ ಹಾಕುತ್ತಾರೆ, ಆದರೆ ಖಾತೆಗೆ ಸೇರಿಸುವುದು ಮಾರ್ಚ್ 31ಕ್ಕೆ ಒಂದೇ ಸಲ. ಅಲ್ಲಿಯವರೆಗೆ ಏಪ್ರಿಲ್ ತಿಂಗಳ ಬಡ್ಡಿ ಮೇ ತಿಂಗಳಲ್ಲಿ ಬಡ್ಡಿ ಗಳಿಸುವುದಿಲ್ಲ. ಹಾಗಾಗಿ ವರ್ಷದ ಒಳಗೆ ಕೂಡಬೇಕು, ವರ್ಷ ದಾಟುವಾಗ ಮಾತ್ರ ಗುಣಿಸಬೇಕು. 7.9ನ್ನು ಮೂರು ತಿಂಗಳಿಗೆ, 7.8ನ್ನು ಆರು ತಿಂಗಳಿಗೆ, 7.6ನ್ನು ಮೂರು ತಿಂಗಳಿಗೆ ಗುಣಿಸಿ, ಕೂಡಿ, 12ರಿಂದ ಭಾಗಿಸಿದರೆ 7.775. ಆ ವರ್ಷದ ಗುಣಕ 1.07775. ಏಪ್ರಿಲ್ 1ಕ್ಕೆ ಒಂದು ಲಕ್ಷ ಇದ್ದ ಖಾತೆಗೆ 7,775 ರೂಪಾಯಿ ಬಡ್ಡಿ.

ಇದರ ಬದಲು ಮೂರು ತಿಂಗಳಿಗೊಂದು ಗುಣಕ ಮಾಡಿ ನಾಲ್ಕನ್ನೂ ಗುಣಿಸಿದವರಿಗೆ 1.08005 ಬರುತ್ತದೆ. ಬಡ್ಡಿ 8,005 ರೂಪಾಯಿ. ಪಾಸ್‌ಬುಕ್ಕಿನಲ್ಲಿ 230 ರೂಪಾಯಿ ಕಡಿಮೆ ಇದೆ ಅಂತ ಅಂಚೆ ಕಚೇರಿಗೆ ಹೋಗಿ ಕೇಳಿದರೆ ಪ್ರಯೋಜನವಿಲ್ಲ, ಅಲ್ಲಿನ ಲೆಕ್ಕವೇ ಸರಿ.

ಬ್ಯಾಂಕಿನ ಎಫ್‌ಡಿಯಲ್ಲಿ ಇದು ತಿರುಗುಮುರುಗು. ಬಡ್ಡಿಯನ್ನು ಖಾತೆಯಲ್ಲೇ ಬಿಡುವ ಎಫ್‌ಡಿಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. ಅಲ್ಲಿ ಶೇ. 7 ಅಂತ ಬರೆದಿದ್ದರೆ ವರ್ಷದ ಗುಣಕ 1.07 ಅಲ್ಲ. ಮೂರು ತಿಂಗಳಿಗೆ ಶೇ. 1.75, ಅಂದರೆ 1.0175ನ್ನು ನಾಲ್ಕು ಸಲ ಗುಣಿಸಬೇಕು. 1.07186 ಬರುತ್ತದೆ. ಎಫ್‌ಡಿಯನ್ನು ವರ್ಷಕ್ಕೊಮ್ಮೆ ಹೊಸ ದರದಲ್ಲಿ ನವೀಕರಿಸುತ್ತಾ ಹೋಗುವವರು ಪ್ರತಿ ವರ್ಷಕ್ಕೂ ಹೀಗೆ ಮಾಡಿದ ಗುಣಕವನ್ನೇ ಸಾಲಿನಲ್ಲಿ ಇಡಬೇಕು. ವರ್ಷಕ್ಕೊಮ್ಮೆ ಬಡ್ಡಿಯಲ್ಲಿ ತೆರಿಗೆ ಮುರಿದುಕೊಂಡು ಉಳಿದದ್ದು ಮಾತ್ರ ಅಸಲಿಗೆ ಸೇರುತ್ತಿದ್ದರೆ, ಗುಣಕವೂ ಆ ಉಳಿದ ಬಡ್ಡಿಯದ್ದೇ ಆಗಿರಬೇಕು.

ಎಕ್ಸೆಲ್‌ನಲ್ಲಿ

ದರಗಳನ್ನು B2ರಿಂದ B11ರವರೆಗೆ ಬರೆದಿದ್ದರೆ ಈ ಇಡೀ ಲೆಕ್ಕಕ್ಕೆ ಒಂದೇ ಸೂತ್ರ ಸಾಕು:

```
=FVSCHEDULE(100000, B2:B11)
```

ಗೂಗಲ್ ಶೀಟ್ಸ್‌ನಲ್ಲೂ ಇದು ಕೆಲಸ ಮಾಡುತ್ತದೆ. ದರವನ್ನು 8.8% ಅಂತ ಇಲ್ಲವೇ 0.088 ಅಂತ ಬರೆಯಬೇಕು. ಬರೀ 8.8 ಅಂತ ಬರೆದರೆ ಗುಣಕ 9.8 ಆಗಿಬಿಡುತ್ತದೆ. ಆ ತಪ್ಪು ಹಿಡಿಯುವುದು ಸುಲಭ, ಉತ್ತರ ನಂಬಲಾಗದಷ್ಟು ದೊಡ್ಡದಾಗಿರುತ್ತದೆ. ಒಂದೇ ಒಂದು ಸಾಲಿನಲ್ಲಿ ಈ ತಪ್ಪಾಗಿದ್ದರೂ ಮೊತ್ತ ಸುಮಾರು ಒಂಬತ್ತು ಪಟ್ಟು ಹಿಗ್ಗುತ್ತದೆ.

ಇದಕ್ಕಿಂತ ಜಾಣತನ ಬೇಕಿರುವುದು ಬಡ್ಡಿಯೇ ಬಾರದ ವರ್ಷಗಳಲ್ಲಿ. 2011ರ ಏಪ್ರಿಲ್‌ನಿಂದ, 36 ತಿಂಗಳು ವಂತಿಗೆ ಬಾರದ ಪಿಎಫ್ ಖಾತೆಗಳಿಗೆ ಬಡ್ಡಿ ನಿಲ್ಲಿಸಿದ್ದರು. 2016ರ ನವೆಂಬರ್‌ನಲ್ಲಿ ನಿಯಮ ಬದಲಾಗಿ, ಕೆಲಸ ಬಿಟ್ಟವರ ಖಾತೆಗೂ ನಿವೃತ್ತಿ ವಯಸ್ಸಿನವರೆಗೆ ಬಡ್ಡಿ ಸಿಗುವಂತಾಯಿತು. ನಮ್ಮ ಉದಾಹರಣೆಯ ಖಾತೆ 2015ರದ್ದು, ಆಗಿನ್ನೂ 36 ತಿಂಗಳು ತುಂಬಿರಲಿಲ್ಲ, ಹಾಗಾಗಿ ಅದಕ್ಕೆ ತೊಂದರೆ ಆಗಲಿಲ್ಲ. ಆದರೆ ಇನ್ನೂ ಹಳೆಯ ಖಾತೆಗಳ ಲೆಕ್ಕದಲ್ಲಿ ಬಡ್ಡಿ ಇಲ್ಲದ ವರ್ಷಗಳು ಬರಬಹುದು. ಅಂಥ ವರ್ಷದ ದರ ಸೊನ್ನೆ, ಗುಣಕ 1. ಕೈಯಲ್ಲಿ ಗುಣಿಸುವಾಗ ಗುಣಕದ ಜಾಗದಲ್ಲಿ ಸೊನ್ನೆ ಬರೆದರೆ ಇಡೀ ಹಣ ಸೊನ್ನೆಯಾಗುತ್ತದೆ. 1 ಅಂದರೆ ಹಣ ಇದ್ದಲ್ಲೇ ಇತ್ತು ಅಂತ. ಇಳಿದ ವರ್ಷಕ್ಕೆ ಗುಣಕ 1ಕ್ಕಿಂತ ಕಡಿಮೆ, ಸೆನ್ಸೆಕ್ಸ್‌ನ 2008ರ 0.4755ರ ಹಾಗೆ.

ಎರಡನೇ ಕಂತು ಸೇರಿದರೆ

ಇದುವರೆಗಿನ ಎಲ್ಲವೂ ಹಣ ಒಂದೇ ಸಲ ಇಟ್ಟದ್ದಕ್ಕೆ ಮಾತ್ರ ಅನ್ವಯ. ಎರಡನೇ ಕಂತು ಸೇರಿದ ಕೂಡಲೇ ಒಂದೇ ಗುಣಲಬ್ಧದಿಂದ ಕೆಲಸ ಆಗುವುದಿಲ್ಲ, ಪ್ರತಿ ಕಂತಿಗೂ ಅದರದ್ದೇ ಗುಣಕಗಳ ಸಾಲು ಬೇಕು. ಆಗ ಕ್ರಮಕ್ಕೂ ಬೆಲೆ ಬರುತ್ತದೆ.

ನಮ್ಮ ಖಾತೆಗೆ 2020ರ ಏಪ್ರಿಲ್ 1ರಂದು ಇನ್ನೊಂದು ಲಕ್ಷ ಸೇರಿತು ಅಂದುಕೊಳ್ಳೋಣ. ಮೊದಲ ಲಕ್ಷ ಹತ್ತೂ ಗುಣಕಗಳನ್ನು ಕಂಡು 2,24,846 ಆಗುತ್ತದೆ. ಎರಡನೆಯದು ಕೊನೆಯ ಐದನ್ನು ಮಾತ್ರ ಕಾಣುತ್ತದೆ. ಅವುಗಳ ಗುಣಲಬ್ಧ 2.24846 ÷ 1.51268, ಅಂದರೆ 1.48641. ಹಾಗಾಗಿ ಅದು 1,48,641 ಆಗುತ್ತದೆ. ಈಗ ಹತ್ತು ದರಗಳನ್ನು ತಲೆಕೆಳಗು ಮಾಡಿ. ಮೊದಲ ಲಕ್ಷಕ್ಕೆ ಏನೂ ಆಗುವುದಿಲ್ಲ. ಎರಡನೆಯದಕ್ಕೆ ಮಾತ್ರ ಈಗ 2015-16ರಿಂದ 2019-20ರವರೆಗಿನ ಜಾಸ್ತಿ ದರದ ಐದು ವರ್ಷಗಳು ಸಿಗುತ್ತವೆ. ಅವುಗಳ ಗುಣಲಬ್ಧ 1.51268, ಹಾಗಾಗಿ ಅದು 1,51,268 ಆಗುತ್ತದೆ. ಸುಮಾರು 2,628 ರೂಪಾಯಿ ಹೆಚ್ಚು. ತಿಂಗಳು ತಿಂಗಳು ಪಿಎಫ್ ಕಟ್ಟುತ್ತಿರುವವರಿಗೆ, ಅವರ ಹಣದ ಬಹುಪಾಲು ಕೊನೆಯ ವರ್ಷಗಳಲ್ಲಿ ಇರುವುದರಿಂದ, ಮೊದಲ ವರ್ಷಗಳ ದರಕ್ಕಿಂತ ಕೊನೆಯ ವರ್ಷಗಳ ದರವೇ ಜಾಸ್ತಿ ತಟ್ಟುವುದು ಇದೇ ಕಾರಣಕ್ಕೆ.